ಆರು ಹೋಬಳಿ, ಆರು ಶನಿವಾರ: ಚಿಂತಾಮಣಿಯಲ್ಲಿ ನಾವು ನಡೆಸಿದ ಕಬಡ್ಡಿ ಲೀಗ್

ಮೊದಲ ವರ್ಷ ಎಲ್ಲರಂತೆ ನಾವೂ ಒಂದೇ ರಾತ್ರಿಯ ಹೊನಲು ಬೆಳಕಿನ ಪಂದ್ಯಾವಳಿ ಇಟ್ಟೆವು. 24 ತಂಡ ಬಂದಾಗ ಖುಷಿಯೋ ಖುಷಿ. ಆದರೆ ಲೆಕ್ಕ ಹಾಕಿರಲಿಲ್ಲ. ನಾಕೌಟ್‌ನಲ್ಲಿ 24 ತಂಡ ಅಂದ್ರೆ 23 ಪಂದ್ಯ. ಒಂದಕ್ಕೆ ಅರ್ಧ ಗಂಟೆ ಹಿಡಿದರೂ ಹನ್ನೊಂದೂವರೆ ಗಂಟೆ ಬೇಕು. ಸಂಜೆ ಆರಕ್ಕೆ ಶುರು ಮಾಡಿದ್ದು, ಫೈನಲ್ ಹೊತ್ತಿಗೆ ಕೋಳಿ ಕೂಗಿತು. ನಮ್ಮ ಹುಡುಗರು ಒಂಬತ್ತಕ್ಕೇ ಸೋತಿದ್ದರು, ಅವರ ಜೊತೆ ಅವರ ಜನವೂ ಎದ್ದು ಹೋಗಿದ್ದರು. ಫೈನಲ್ ಆಡಿದ್ದು ದುಡ್ಡು ಕೊಟ್ಟು ದೂರದಿಂದ ಆಟಗಾರರನ್ನು ಕರೆಸಿದ್ದ ಎರಡು ತಂಡ. ನೋಡಿದ್ದು ಕ್ಯಾನ್ ಹಿಡಿದು ಡೇರಿಗೆ ಹೊರಟವರು. ಬಹುಮಾನ ಕೊಟ್ಟಿದ್ದ ಟೊಮೆಟೊ ಮಂಡಿಯವರು ಖಾಲಿ ಕುರ್ಚಿಗಳನ್ನು ನೋಡಿ, "ನನ್ನ ಬ್ಯಾನರ್ ಯಾರಿಗೆ ಕಟ್ಟಿದ್ದಪ್ಪಾ?" ಅಂತ ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು.

ಮರುವರ್ಷ ಆರೇ ತಂಡ, ಹೋಬಳಿಗೊಂದು. ಕೈವಾರ, ಮುರುಗಮಲ್ಲ, ಅಂಬಾಜಿದುರ್ಗ, ಹೀಗೆ. ಹನ್ನೆರಡು ಜನರ ತಂಡದಲ್ಲಿ ಹೊರಗಿನವರು ಇಬ್ಬರೇ ಇರಬಹುದು. ಆಧಾರ್ ನೋಡಿಯೇ ಹೆಸರು ಬರೆದುಕೊಂಡೆವು. ಆರು ತಂಡ ಒಂದಕ್ಕೊಂದು ಆಡಿದರೆ 15 ಪಂದ್ಯ. ಶನಿವಾರಕ್ಕೆ ಮೂರರಂತೆ ಐದು ವಾರ, ಆರನೇ ವಾರ ಸೆಮಿಫೈನಲ್, ಫೈನಲ್. ಹೀಗಾಗಿ ಪ್ರತಿ ವಾರ ಪ್ರತಿ ಹೋಬಳಿಯ ಜನ ಬರಲೇಬೇಕು, ಅಲ್ವಾ? ನಲವತ್ತು ನಿಮಿಷದ ಆಟವನ್ನು ಹದಿನೈದು ನಿಮಿಷದ ಎರಡು ಅವಧಿಗೆ ಇಳಿಸಿದೆವು. ಆರೂವರೆಗೆ ಶುರುವಾದರೆ ಒಂಬತ್ತಕ್ಕೆ ಮುಗಿಯುತ್ತದೆ. ರಾತ್ರಿ ಹತ್ತರ ಮೇಲೆ ಮೈಕ್ ಹಾಕುವಂತಿಲ್ಲ, ಅದೂ ತಲೆಯಲ್ಲಿತ್ತು.

ಪ್ರಾಯೋಜಕರ ಹತ್ತಿರ ಈ ಸಲ ಬ್ಯಾನರ್ ಮಾತೇ ಎತ್ತಲಿಲ್ಲ. "ಅಣ್ಣಾ, ಒಂದು ತಂಡಾನೇ ನಿಮ್ಮದು ಮಾಡ್ಕೊಳ್ಳಿ" ಅಂದೆವು. ತಂಡಕ್ಕೆ 20 ಸಾವಿರ. ಜೆರ್ಸಿ, ಆರು ವಾರದ ಗಾಡಿ ಬಾಡಿಗೆ, ಊಟ ಅದರಲ್ಲೇ. ಡ್ರಿಪ್ ಪೈಪ್ ಅಂಗಡಿಯವರು ಮೊದಲು ಅನುಮಾನಿಸಿದರು. ಎರಡನೇ ವಾರಕ್ಕೆ ಪೈಪ್ ತಗೊಳ್ಳೋಕೆ ಬಂದ ರೈತರೆಲ್ಲ "ನಿಮ್ಮ ರೈಡರ್ ಕಾಲು ವಾಸಿಯಾಯ್ತಾ?" ಅಂತ ಕೇಳತೊಡಗಿದರು. ಮೂರನೇ ವಾರ ಅವರೇ ನೋಟ್‌ಬುಕ್ ಹಿಡಿದು ಅಂಕಣದ ಪಕ್ಕ ಕೂತು, ಒಂದೊಂದು ಪಾಯಿಂಟ್ ಬರೆದುಕೊಳ್ಳುತ್ತಿದ್ದರು.

ಅಂಕಣ ಮಣ್ಣಿನದು. ಹಿಂದಿನ ದಿನ ನೀರು ಚಿಮುಕಿಸಿ ರೋಲರ್ ಎಳೆಯಬೇಕು. ಹಿಮ್ಮಡಿ ಒತ್ತಿದಾಗ ಹೂತರೆ ನೀರು ಜಾಸ್ತಿ, ಧೂಳೆದ್ದರೆ ಕಮ್ಮಿ. ಒಂದು ಶನಿವಾರ ಮಳೆ ಬಂದು ಆಟ ನಿಂತಿತು. ಮೊದಲೇ ಒಂದು ವಾರ ಬಿಡುವು ಇಟ್ಟುಕೊಂಡಿದ್ದಕ್ಕೆ ಬಚಾವಾದೆವು. ಅಂಪೈರ್‌ಗಳನ್ನು ಬೇರೆ ತಾಲ್ಲೂಕಿನಿಂದಲೇ ಕರೆಸಿದ್ದೆವು. ನಮ್ಮವರೇ ಇದ್ದಿದ್ದರೆ ಬೋನಸ್ ಲೈನ್ ದಾಟಿದ್ದಕ್ಕೂ ಜಗಳ ಆಗುತ್ತಿತ್ತು.

ಒಂದು ತಪ್ಪು ಮಾತ್ರ ಉಳಿದಿತ್ತು. ನಾಲ್ಕನೇ ವಾರಕ್ಕೆ ಕೊನೆಯ ಎರಡು ತಂಡಗಳಿಗೆ ಸೆಮಿಫೈನಲ್ ಆಸೆ ಹೋಗಿತ್ತು, ಆ ಕಡೆಯ ಜನ ಬರುವುದೂ ಕಮ್ಮಿಯಾಯಿತು. ಈ ವರ್ಷ ಫೈನಲ್ ದಿನವೇ ಆ ಎರಡು ತಂಡಗಳಿಗೆ ಐದನೇ ಸ್ಥಾನದ ಪಂದ್ಯ ಇಟ್ಟೆವು, ಗೆದ್ದವರಿಗೆ ಒಂದು ಟಗರು. ಆವತ್ತು ಆ ಎರಡು ಹೋಬಳಿಗಳಿಂದ ಟ್ರ್ಯಾಕ್ಟರ್‌ಗಳಲ್ಲಿ ಜನ ಬಂದಿಳಿದರು.