ಮೊದಲು ಪಾಪ್ ಆದದ್ದು ಬಲಕ್ಕೆ: ಪೋಸ್ಟ್‌ಫಿಕ್ಸ್ ಲೆಕ್ಕ ತಪ್ಪದಂತೆ ಬಿಡಿಸುವುದು ಹೇಗೆ?

ಡೇಟಾ ಸ್ಟ್ರಕ್ಚರ್ಸ್ ಉತ್ತರಪತ್ರಿಕೆ ತಿದ್ದಲು ಕೂತಾಗಲೆಲ್ಲ ಒಂದೇ ತಪ್ಪು ಕಣ್ಣಿಗೆ ಬೀಳುತ್ತದೆ. ಸ್ಟ್ಯಾಕ್ ಎಂದರೇನು ಅಂತ ಒಂದು ಪುಟ ಚೆನ್ನಾಗಿ ಬರೆದಿರುತ್ತಾರೆ. ಲೆಕ್ಕ ಶುರುವಾಗಿ ಮೈನಸ್ ಚಿಹ್ನೆ ಬಂತೋ, ಅಲ್ಲಿ ಎಡವುತ್ತಾರೆ. ಆಮೇಲಿನ ಸಾಲುಗಳೂ ತಪ್ಪೇ. ಹಾಗಾಗಿ ಒಂದು ಲೆಕ್ಕ ಹಿಡಿದು ನಿಧಾನವಾಗಿ ಬಿಡಿಸೋಣ:

```
9 2 3 + - 20 4 / *
```

ಹಂತ 1. ಎಡದಿಂದ ಬಲಕ್ಕೆ ಓದಿ. ಸಂಖ್ಯೆ ಬಂದರೆ ಪುಶ್ ಮಾಡಿ. ಅಷ್ಟೇ.

ಹಂತ 2. ಚಿಹ್ನೆ ಬಂದರೆ ಎರಡು ಸಲ ಪಾಪ್ ಮಾಡಿ, ಲೆಕ್ಕ ಹಾಕಿ, ಬಂದ ಉತ್ತರವನ್ನು ವಾಪಸ್ ಪುಶ್ ಮಾಡಿ. ಎಲ್ಲ ಎಡವಟ್ಟೂ ಇಲ್ಲೇ ಆಗುವುದು.

ಮೊದಲ ಮೂರು ಸಂಖ್ಯೆ ಪುಶ್ ಆದಾಗ ಸ್ಟ್ಯಾಕ್‌ನಲ್ಲಿ 9, 2, 3 ಇವೆ. ತುದಿಯಲ್ಲಿರುವುದು 3. ಪ್ಲಸ್ ಬಂತು, 3 ಮತ್ತು 2 ಹೊರಬಂದು 5 ಒಳಹೋಯಿತು. ಈಗ ಉಳಿದಿರುವುದು 9, 5. ಮುಂದಿನದು ಮೈನಸ್. ಮೊದಲ ಪಾಪ್‌ಗೆ 5 ಬರುತ್ತದೆ, ಎರಡನೆಯದಕ್ಕೆ 9. ಬಂದ ಕ್ರಮದಲ್ಲೇ ಬರೆದವರು `5 - 9` ಅಂತ ಬರೆದು -4 ಮಾಡಿಕೊಳ್ಳುತ್ತಾರೆ. ಸರಿಯಾದದ್ದು `9 - 5`, ಅಂದರೆ 4. ಮೊದಲು ಪಾಪ್ ಆದದ್ದು ಚಿಹ್ನೆಯ ಬಲಕ್ಕೆ, ಆಮೇಲೆ ಬಂದದ್ದು ಎಡಕ್ಕೆ. ಕಾರಣ ಸುಲಭ: ಮೂಲ ಲೆಕ್ಕದಲ್ಲಿ ಬಲಗಡೆ ಇದ್ದದ್ದೇ ಕೊನೆಗೆ ಸ್ಟ್ಯಾಕ್ ಸೇರಿದ್ದು, ಕೊನೆಗೆ ಸೇರಿದ್ದೇ ಮೊದಲು ಹೊರಬರುವುದು.

ಮನೆಯಲ್ಲಿ ಅಭ್ಯಾಸ ಮಾಡುವಾಗ ಈ ತಪ್ಪು ಯಾಕೆ ಗೊತ್ತಾಗುವುದಿಲ್ಲ? ಬರೀ ಪ್ಲಸ್, ಗುಣಾಕಾರದ ಲೆಕ್ಕ ಹಾಕುತ್ತಾರೆ. ಅಲ್ಲಿ ತಿರುಗಿಸಿದರೂ ಉತ್ತರ ಅದೇ. ಅದಕ್ಕೇ ಅಭ್ಯಾಸದ ಲೆಕ್ಕದಲ್ಲಿ ಮೈನಸ್ ಮತ್ತು ಭಾಗಾಕಾರ ಎರಡೂ ಇರಲೇಬೇಕು.

ಪೂರ್ತಿ ಲೆಕ್ಕ ಹೀಗೆ ಕಾಣಬೇಕು. ಪರೀಕ್ಷೆಯಲ್ಲೂ ಇದೇ ಥರ ಬರೆಯಿರಿ, ಚಿಹ್ನೆಗೊಂದು ಸಾಲು:

```
9    9
2    9 2
3    9 2 3
+    9 5
-    4
20   4 20
4    4 20 4
/    4 5
*    20
```

ಉತ್ತರ 20. ಕ್ರಮ ತಿರುಗಿಸಿದವರಿಗೆ `4 / 20` ಬರುತ್ತದೆ. ಸಿ ಭಾಷೆಯ ಪೂರ್ಣಾಂಕ ಭಾಗಾಕಾರದಲ್ಲಿ ಅದು 0, ಹಾಗಾಗಿ ಕೊನೆಯ ಉತ್ತರವೂ 0.

ಪ್ರೋಗ್ರಾಂ ಬರೆಯುವಾಗ ನಾನು ಯಾವತ್ತೂ ಮೂರು ಸಾಲೇ ಬರೆಸುವುದು:

```c
b = pop();
a = pop();
push(a - b);
```

ಒಂದೇ ಸಾಲಲ್ಲಿ `push(pop() - pop())` ಅಂತ ಮುಗಿಸುವ ಜಾಣರಿದ್ದಾರೆ. ಮಾಡಬೇಡಿ. ಎರಡರಲ್ಲಿ ಯಾವ ಪಾಪ್ ಮೊದಲು ನಡೆಯಬೇಕು ಅಂತ ಸಿ ಭಾಷೆ ನಿಗದಿ ಮಾಡಿಲ್ಲ. ಎಡಗಡೆಯದು ಮೊದಲು ನಡೆದರೆ ಮತ್ತೆ ಅದೇ `5 - 9`.

ಇನ್ನೊಂದು ಮಾತು. ಅಗ್ಗದ ಗೈಡುಗಳಲ್ಲಿ ಸಿಗುವ ಪ್ರೋಗ್ರಾಂಗಳು ಒಂದೊಂದೇ ಅಕ್ಷರ ಓದುತ್ತವೆ. ಅವಕ್ಕೆ ನಮ್ಮ 20 ಅಂದರೆ 2 ಮತ್ತು 0. ಅಂಥ ಪ್ರೋಗ್ರಾಂ ಬರೆದರೆ ಒಂದಂಕಿಯ ಸಂಖ್ಯೆಗೆ ಮಾತ್ರ ಅಂತ ಒಂದು ಸಾಲು ಬರೆದುಬಿಡಿ. ಜೊತೆಗೆ `ch - '0'` ಮರೆಯಬೇಡಿ. ಮರೆತರೆ 9ರ ಬದಲು ಅದರ ಆಸ್ಕಿ ಬೆಲೆ 57 ಸ್ಟ್ಯಾಕ್‌ಗೆ ಹೋಗುತ್ತದೆ.

ಹಂತ 3. ಕೊನೆಗೆ ಸ್ಟ್ಯಾಕ್‌ನಲ್ಲಿ ಒಂದೇ ಸಂಖ್ಯೆ ಉಳಿಯಬೇಕು. ಎರಡು ಉಳಿದರೆ ಎಲ್ಲೋ ಒಂದು ಚಿಹ್ನೆ ಬಿಟ್ಟಿದ್ದೀರಿ.

ಬ್ರಾಕೆಟ್ ಪ್ರಶ್ನೆಗೂ ಇದೇ ಸ್ಟ್ಯಾಕ್ ಸಾಕು. ತೆರೆಯುವ ಬ್ರಾಕೆಟ್ ಪುಶ್ ಮಾಡಿ. ಮುಚ್ಚುವುದು ಬಂದರೆ ಪಾಪ್ ಮಾಡಿ, ಜೋಡಿ ಹೊಂದುತ್ತದಾ ನೋಡಿ. ಸುಮ್ನೆ ಎಣಿಸಿದರೆ ಆಗಲ್ವಾ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. `([)]` ಎಣಿಸಿ ನೋಡಿ: ಎರಡೆರಡು ಸರಿಯಾಗೇ ಇವೆ. ಸ್ಟ್ಯಾಕ್ ಆದರೆ `)` ಬಂದ ಕೂಡಲೇ ತುದಿಯಲ್ಲಿ `[` ಇರುವುದನ್ನು ಕಂಡು ತಪ್ಪು ಅನ್ನುತ್ತದೆ.

ಜೋಡಿ ನೋಡುವುದನ್ನು ಸಾಮಾನ್ಯವಾಗಿ ಯಾರೂ ಬಿಡುವುದಿಲ್ಲ. ಬಿಡುವುದು ಬೇರೆ ಎರಡು ಪರೀಕ್ಷೆ. ಒಂದು, ಪಾಪ್ ಮಾಡುವ ಮುಂಚೆ ಸ್ಟ್ಯಾಕ್ ಖಾಲಿಯಾ ಅಂತ ನೋಡುವುದು. `)(` ಕೊಟ್ಟರೆ ಮೊದಲ ಅಕ್ಷರಕ್ಕೇ ಖಾಲಿ ಸ್ಟ್ಯಾಕ್‌ನಿಂದ ಪಾಪ್ ಆಗುತ್ತದೆ. ಇನ್ನೊಂದು ಕೊನೆಯ ಸಾಲು. ಲೂಪ್ ಮುಗಿದ ಮೇಲೆ `return 1;` ಅಂತ ಬರೆದರೆ `(((` ಕೂಡ ಸರಿ ಅಂತ ಬರುತ್ತದೆ, ಯಾಕೆಂದರೆ ಅಲ್ಲಿ ಮುಚ್ಚುವ ಬ್ರಾಕೆಟ್ಟೇ ಬರಲಿಲ್ಲ, ತಪ್ಪು ಹಿಡಿಯುವ ಸಾಲಿಗೆ ಪ್ರೋಗ್ರಾಂ ಹೋಗಲೇ ಇಲ್ಲ. ಖಾಲಿ ಸ್ಟ್ಯಾಕ್‌ಗೆ `top` -1 ಅಂತ ಇಟ್ಟುಕೊಂಡಿದ್ದರೆ ಆ ಜಾಗದಲ್ಲಿ ಇದನ್ನು ಬರೆಯಿರಿ:

```c
return top == -1;
```