ಕ್ವಾಂಟಂ ಕರ್ನಲ್ ಕಟ್ಟಿ ನೋಡಿದೆ: ಸಿಕ್ಕಿದ್ದೆಷ್ಟು, ಸಿಗದೇ ಹೋಗಿದ್ದೆಷ್ಟು

ಕ್ವಾಂಟಂ ಮೆಷಿನ್ ಲರ್ನಿಂಗ್ ಹೆಸರಿನಲ್ಲಿ ಹತ್ತಾರು ವಿಧಾನಗಳಿವೆ. ನಾನು ಕೈಯಾರೆ ಮಾಡಿ ನೋಡಿದ್ದು ಕ್ವಾಂಟಂ ಕರ್ನಲ್ ಮಾತ್ರ. ಅದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಇದರಲ್ಲಿ ಕ್ವಾಂಟಂ ಭಾಗ ತೀರಾ ಚಿಕ್ಕದು, ಉಳಿದದ್ದೆಲ್ಲ ನಮಗೆ ಮೊದಲಿನಿಂದ ಗೊತ್ತಿರುವ ಎಸ್‌ವಿಎಂ. ಹಾಗಾಗಿ ಲಾಭ ಆದರೂ ನಷ್ಟ ಆದರೂ ಅದು ಎಲ್ಲಿಂದ ಬಂತು ಅಂತ ಪತ್ತೆ ಹಚ್ಚುವುದು ಸುಲಭ.

ಎಸ್‌ವಿಎಂಗೆ ಬೇಕಾಗಿರುವುದು ಒಂದು ಕೋಷ್ಟಕ ಅಷ್ಟೇ. ಯಾವ ಎರಡು ಸ್ಯಾಂಪಲ್‌ಗಳು ಒಂದಕ್ಕೊಂದು ಎಷ್ಟು ಹೋಲುತ್ತವೆ ಅಂತ ಅದರಲ್ಲಿ ಬರೆದಿರಬೇಕು. ಆ ಹೋಲಿಕೆಯ ಅಂಕಿಯೇ ಕರ್ನಲ್. ಕ್ವಾಂಟಂ ರೀತಿಯಲ್ಲಿ, ಸ್ಯಾಂಪಲ್‌ನ ಅಂಕಿಗಳನ್ನು ಗೇಟ್‌ಗಳ ಕೋನಗಳಾಗಿ ಕೊಟ್ಟು ಕ್ಯೂಬಿಟ್‌ಗಳನ್ನು ಒಂದು ಸ್ಥಿತಿಗೆ ತರುತ್ತೇವೆ. ಈ ಸರ್ಕ್ಯೂಟೇ ಫೀಚರ್ ಮ್ಯಾಪ್. ಎರಡು ಸ್ಯಾಂಪಲ್ ಹೋಲಿಸಬೇಕಾದರೆ ಮೊದಲನೆಯದರ ಸರ್ಕ್ಯೂಟ್ ಓಡಿಸಿ, ಅದರ ಬೆನ್ನಿಗೇ ಎರಡನೆಯದರ ಸರ್ಕ್ಯೂಟನ್ನು ಹಿಂದುಮುಂದಾಗಿ ಓಡಿಸಿ ಅಳೆಯಬೇಕು. ಎಲ್ಲಾ ಕ್ಯೂಬಿಟ್‌ಗಳಲ್ಲೂ ಸೊನ್ನೆ ಬಂದ ಸಲಗಳ ಪಾಲೇ ಹೋಲಿಕೆ. ಎರಡೂ ಒಂದೇ ಸ್ಯಾಂಪಲ್ ಆಗಿದ್ದರೆ ಉತ್ತರ 1. 2019ರಲ್ಲಿ ಹಾವ್ಲಿಚೆಕ್ ಮತ್ತು ಐಬಿಎಂನ ಸಂಗಡಿಗರು ನೇಚರ್‌ನಲ್ಲಿ, ಶುಲ್ಡ್ ಮತ್ತು ಕಿಲ್ಲೊರನ್ ಬೇರೆ ಪ್ರಬಂಧದಲ್ಲಿ ಈ ದಾರಿ ತೋರಿಸಿದರು.

ನಾನು ತೆಗೆದುಕೊಂಡ ಡೇಟಾ ಎಲ್ಲರಿಗೂ ಸಿಗುವಂಥದ್ದು, `sklearn` ಜೊತೆಗೇ ಬರುವ ಸ್ತನ ಕ್ಯಾನ್ಸರ್ ಡೇಟಾ. 569 ಸ್ಯಾಂಪಲ್, ಒಂದೊಂದಕ್ಕೂ 30 ಅಂಕಿ. 357 ಅಪಾಯವಿಲ್ಲದ ಗಡ್ಡೆಗಳು, 212 ಕ್ಯಾನ್ಸರ್. ಎಲ್ಲವನ್ನೂ "ಅಪಾಯವಿಲ್ಲ" ಅಂತ ಸುಮ್ನೆ ಹೇಳಿಬಿಟ್ಟರೂ ಶೇ. 63ರಷ್ಟು ಸರಿ ಬರುತ್ತದೆ. 30 ಅಂಕಿಗಳನ್ನೂ ಸ್ಕೇಲ್ ಮಾಡಿ ಮಾಮೂಲಿ ಆರ್‌ಬಿಎಫ್ ಎಸ್‌ವಿಎಂಗೆ ಕೊಟ್ಟರೆ ಶೇ. 97ರ ಆಸುಪಾಸು. ಈ ಎರಡು ಅಂಕಿಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಆಮೇಲೆ ಬರುವ ಯಾವ ಕ್ವಾಂಟಂ ಫಲಿತಾಂಶವನ್ನೂ ಇವುಗಳ ಪಕ್ಕ ಇಟ್ಟು ನೋಡಬೇಕು.

30 ಅಂಕಿಗೆ 30 ಕ್ಯೂಬಿಟ್ ಅಂದರೆ ಲ್ಯಾಪ್‌ಟಾಪ್ ತಡೆಯುವುದಿಲ್ಲ. ಅದಕ್ಕೆ ಪಿಸಿಎ ಮಾಡಿ 10ಕ್ಕೆ ಇಳಿಸಿ, ಪ್ರತಿಯೊಂದರ ಹರವನ್ನೂ ಒಂದೇ ಅಳತೆಗೆ ತಂದೆ. 398 ಸ್ಯಾಂಪಲ್ ಕಲಿಕೆಗೆ, 171 ಪರೀಕ್ಷೆಗೆ. ಸಿಮ್ಯುಲೇಟರ್‌ನಲ್ಲಿ ಮಾಡುವವರಿಗೆ ಒಂದು ಮಾತು: ಜೋಡಿ ಜೋಡಿಯಾಗಿ ಸರ್ಕ್ಯೂಟ್ ಓಡಿಸಲು ಹೋಗಬೇಡಿ. ಪ್ರತಿ ಸ್ಯಾಂಪಲ್‌ಗೆ ಒಂದೇ ಸಲ ಓಡಿಸಿ, ಬಂದ 1024 ಅಂಕಿಗಳ ವೆಕ್ಟರ್ ಇಟ್ಟುಕೊಂಡು, ಎರಡೆರಡರ ಒಳಗುಣಾಕಾರ ಮಾಡಿ ಅದರ ಪರಿಮಾಣದ ವರ್ಗ ತೆಗೆದರೆ ಆಯಿತು.

ಮೊದಲು ಹಾಕಿದ್ದು ಐಬಿಎಂನ ಕಿಸ್ಕಿಟ್ ಲೈಬ್ರರಿಯ, ಎಲ್ಲಾ ಪಾಠಗಳಲ್ಲೂ ಕಾಣುವ `ZZFeatureMap`. ಇದರಲ್ಲಿ ಪ್ರತಿ ಎರಡು ಕ್ಯೂಬಿಟ್‌ಗಳ ನಡುವೆ ಎಂಟ್ಯಾಂಗಲ್‌ಮೆಂಟ್, ಅಂದರೆ ಅವುಗಳ ಸ್ಥಿತಿಗಳನ್ನು ಒಂದಕ್ಕೊಂದು ಹೆಣೆಯುವ ನಂಟು, ಇರುತ್ತದೆ. ಇಡೀ ಸರ್ಕ್ಯೂಟ್ ಎರಡು ಸಲ ಮರುಕಳಿಸುತ್ತದೆ. ಫಲಿತಾಂಶ ನೋಡಿ: ಕಲಿಕೆಯ ಸ್ಯಾಂಪಲ್‌ಗಳಲ್ಲಿ ನೂರಕ್ಕೆ ನೂರು. ಪರೀಕ್ಷೆಯಲ್ಲಿ ಬಹುತೇಕ ಎಲ್ಲವನ್ನೂ "ಅಪಾಯವಿಲ್ಲ" ಅಂದುಬಿಟ್ಟಿತು. ಅಂದರೆ ಅದೇ 63ರ ಹತ್ತಿರ.

ಇಂಥ ಜಾಗದಲ್ಲಿ ಎಸ್‌ವಿಎಂನ `C` ತಿರುಗಿಸುತ್ತಾ ಕೂತರೆ ಪ್ರಯೋಜನವಿಲ್ಲ. ಕರ್ನಲ್ ಕೋಷ್ಟಕವನ್ನೇ ತೆರೆದು ನೋಡಬೇಕು. ಕರ್ಣದ ಉದ್ದಕ್ಕೂ 1, ಉಳಿದ ಕಡೆ 0.001 ಆಸುಪಾಸಿನ ಚಿಲ್ಲರೆ. ಅಂದರೆ ಪ್ರತಿ ಸ್ಯಾಂಪಲ್ ತನ್ನನ್ನು ಬಿಟ್ಟು ಬೇರೆ ಯಾರನ್ನೂ ಹೋಲುವುದಿಲ್ಲ. ಕಲಿತದ್ದೆಲ್ಲ ಬಾಯಿಪಾಠ. ಹೊಸ ಸ್ಯಾಂಪಲ್ ಬಂದರೆ ಎಲ್ಲರ ಜೊತೆಗೂ ಹೋಲಿಕೆ ಸೊನ್ನೆ, ಹಾಗಾಗಿ ಎಸ್‌ವಿಎಂ ಜಾಸ್ತಿ ಇರುವ ಗುಂಪಿನ ಹೆಸರು ಹೇಳಿ ಕೈತೊಳೆದುಕೊಳ್ಳುತ್ತದೆ. ಗುರುತು ಹಿಡಿಯಲು ಇನ್ನೊಂದು ದಾರಿ ಇದೆ. ಸಪೋರ್ಟ್ ವೆಕ್ಟರ್‌ಗಳನ್ನು ಎಣಿಸಿ. 398ರಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಪೋರ್ಟ್ ವೆಕ್ಟರ್ ಆಗಿದ್ದರೆ ಕರ್ನಲ್ ಸತ್ತಿದೆ ಅಂತಲೇ ಅರ್ಥ.

ಯಾಕೆ ಹೀಗಾಗುತ್ತದೆ ಅನ್ನುವುದು ಸರಳ ಫೀಚರ್ ಮ್ಯಾಪ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಎಂಟ್ಯಾಂಗಲ್‌ಮೆಂಟ್ ಇಲ್ಲದೆ, ಒಂದೊಂದು ಅಂಕಿಗೆ ಒಂದೊಂದು ಕ್ಯೂಬಿಟ್ ತಿರುಗಿಸುವ ಮ್ಯಾಪ್ ತೆಗೆದುಕೊಳ್ಳಿ. ಅದರ ಕರ್ನಲ್ ಬರೀ ಕೊಸೈನ್‌ಗಳ ಗುಣಾಕಾರ:

```python
import numpy as np

def kernel(X, Z, c):
    d = X[:, None, :] - Z[None, :, :]
    return np.prod(np.cos(c * d / 2) ** 2, axis=2)
```

ಇಲ್ಲಿ `c` ಅನ್ನುವುದು ಅಂಕಿಗಳನ್ನು ಕೋನವಾಗಿಸುವ ಮುಂಚೆ ಗುಣಿಸುವ ಸ್ಕೇಲ್. ಸದ್ಯಕ್ಕೆ ಅದು 1 ಇರಲಿ. ಎರಡು ಸ್ಯಾಂಪಲ್‌ಗಳ ಹತ್ತೂ ಅಂಕಿಗಳಲ್ಲಿ 90 ಡಿಗ್ರಿ ವ್ಯತ್ಯಾಸ ಇದೆ ಅಂದುಕೊಳ್ಳೋಣ. ಒಂದು ಕ್ಯೂಬಿಟ್‌ನ ಪಾಲು 0.5. ಹತ್ತು ಕ್ಯೂಬಿಟ್ ಸೇರಿದರೆ 0.5ರ ಹತ್ತನೇ ಘಾತ, ಅಂದರೆ 1/1024. ಯಂತ್ರದಲ್ಲಿ 1000 ಸಲ ಓಡಿಸಿದರೆ ಎಲ್ಲಾ ಸೊನ್ನೆ ಬರುವುದು ಸರಾಸರಿ ಒಂದು ಸಲ. ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಪಾಲು, ಒಂದು ಸಲವೂ ಬರುವುದೇ ಇಲ್ಲ. 20 ಕ್ಯೂಬಿಟ್ ಆದರೆ ಒಂದು ಸಲ ಕಾಣಲು ಹತ್ತು ಲಕ್ಷಕ್ಕೂ ಮೇಲೆ ಓಡಿಸಬೇಕು. ಕ್ಯೂಬಿಟ್ ಜಾಸ್ತಿಯಾದಷ್ಟೂ ಜಾಗ ದೊಡ್ಡದಾಗುತ್ತದೆ ಅಂತ ಹೊಗಳುತ್ತಾರಲ್ವಾ, ತೊಂದರೆ ಇರುವುದೂ ಅಲ್ಲೇ. ಅಷ್ಟು ದೊಡ್ಡ ಜಾಗದಲ್ಲಿ ಚೆಲ್ಲಿದ ಸ್ಯಾಂಪಲ್‌ಗಳಿಗೆ ನೆರೆಹೊರೆಯೇ ಇರುವುದಿಲ್ಲ. ಈ ಕುಸಿತವನ್ನು ಥನಾಸಿಲ್ಪ್ ಮತ್ತು ಸಂಗಡಿಗರು ಗಣಿತದಿಂದಲೇ ತೋರಿಸಿದ್ದಾರೆ. ಎಂಟ್ಯಾಂಗಲ್‌ಮೆಂಟ್, ಯಂತ್ರದ ಗದ್ದಲ, ಇವೂ ಅದಕ್ಕೆ ಕಾರಣವಾಗುತ್ತವೆ.

ಮದ್ದು ಗೊತ್ತಿರುವಂಥದ್ದೇ. `c` ಕಡಿಮೆ ಮಾಡಬೇಕು. ಅದೇ ಜೋಡಿಗೆ `c = 0.2` ಹಾಕಿದೆ. ಕರ್ನಲ್ 0.7805ಕ್ಕೆ ಏರಿತು. ಹೋಲಿಕೆ ಮತ್ತೆ ಜೀವಂತ.

ಖುಷಿಪಡುವ ಮೊದಲು ಇನ್ನೊಂದು ಲೆಕ್ಕ ಮಾಡಿ. ಕೋನ ಚಿಕ್ಕದಾದಾಗ ಕೊಸೈನ್ ವರ್ಗ ಮತ್ತು ಗಾಸಿಯನ್ ಹೆಚ್ಚುಕಡಿಮೆ ಒಂದೇ. ಆರ್‌ಬಿಎಫ್ ಕರ್ನಲ್‌ಗೆ `gamma = c**2 / 4`, ಅಂದರೆ 0.01 ಕೊಟ್ಟು ಅದೇ ಜೋಡಿಯನ್ನು ಹೋಲಿಸಿದರೆ 0.7813 ಬರುತ್ತದೆ. 0.7805 ಮತ್ತು 0.7813! ಎಸ್‌ವಿಎಂಗೆ ಈ ಎರಡರ ನಡುವೆ ವ್ಯತ್ಯಾಸವೇ ತಿಳಿಯುವುದಿಲ್ಲ. ಕರ್ನಲ್‌ಗೆ ಜೀವ ಬರಿಸಲು ಸ್ಕೇಲ್ ಇಳಿಸಿದೆ. ಇಳಿಸಿದ ಕೂಡಲೇ ಅದು ದಶಕಗಳಿಂದ ಬಳಕೆಯಲ್ಲಿರುವ ಆರ್‌ಬಿಎಫ್ ಆಗಿಬಿಟ್ಟಿತು. ಅದೂ ಮೇಲಿನ ಮೂರು ಸಾಲಿನ ನಂಪೈಯಲ್ಲೇ ಸಿಗುತ್ತದೆ, ಕ್ವಾಂಟಂ ಯಂತ್ರದ ಹಂಗೇ ಇಲ್ಲ.

"ಅದು ಎಂಟ್ಯಾಂಗಲ್‌ಮೆಂಟ್ ಇಲ್ಲದ ಮ್ಯಾಪ್, ಅದಕ್ಕೇ ಹಾಗೆ" ಅಂತ ಗೆಳೆಯರೊಬ್ಬರು ತಕರಾರು ತೆಗೆದರು. ನ್ಯಾಯವಾದ ತಕರಾರೇ. `ZZFeatureMap`ನಲ್ಲೂ `c` ಇಳಿಸುತ್ತಾ ಬಂದೆ. ಇಲ್ಲಿ ಇನ್ನೂ ಕೆಳಗೆ ಇಳಿಯಬೇಕು. ಯಾಕೆಂದರೆ 10 ಕ್ಯೂಬಿಟ್‌ಗೆ 45 ಜೋಡಿಗಳಿವೆ, ಒಂದು ಅಂಕಿ ಸ್ವಲ್ಪ ಅಲುಗಿದರೂ ಅದು ಸೇರಿರುವ 9 ಜೋಡಿಗಳ ಕೋನಗಳೂ ಅಲುಗುತ್ತವೆ. ಇಳಿಸಿದಂತೆ ಪರೀಕ್ಷೆಯ ಫಲಿತಾಂಶ ಏರಿತು, ಆರ್‌ಬಿಎಫ್ ಹತ್ತಿರ ಬಂತು, ಆದರೆ ಅದನ್ನು ದಾಟಲಿಲ್ಲ. ಹತ್ತಿರದ ಸ್ಯಾಂಪಲ್‌ಗಳ ಮಟ್ಟಿಗೆ ಇದೂ ಗಾಸಿಯನ್ನಿನಂತೆಯೇ ನಡೆದುಕೊಳ್ಳುತ್ತದೆ, ಕೆಲವು ದಿಕ್ಕುಗಳಲ್ಲಿ ಮಾತ್ರ ಎಳೆದಂತಿರುತ್ತದೆ ಅಷ್ಟೇ. ಆ ಎಳೆತ ಗಡ್ಡೆಯ ಅಳತೆಗಳಿಗೆ ಹೊಂದಬೇಕು ಅನ್ನುವುದಕ್ಕೆ ಯಾವ ಕಾರಣವೂ ಇಲ್ಲ.

ನನ್ನೊಬ್ಬನ ಡೇಟಾದ ಕಥೆ ಅಲ್ಲ ಇದು. ಬೌಲ್ಸ್, ಅಹ್ಮದ್, ಶುಲ್ಡ್ 2024ರಲ್ಲಿ 12 ಕ್ವಾಂಟಂ ಮಾದರಿಗಳನ್ನು 160 ಡೇಟಾಸೆಟ್‌ಗಳ ಮೇಲೆ ಪರೀಕ್ಷಿಸಿದರು. ಒಟ್ಟಾರೆ ಮಾಮೂಲಿ ಮಾದರಿಗಳೇ ಮೇಲಾದವು. ಎಂಟ್ಯಾಂಗಲ್‌ಮೆಂಟ್ ತೆಗೆದರೆ ಎಷ್ಟೋ ಕಡೆ ಫಲಿತಾಂಶ ಹಾಗೇ ಉಳಿಯಿತು ಇಲ್ಲವೇ ಸುಧಾರಿಸಿತು. ಕ್ವಾಂಟಂ ಮಾದರಿಯ ಬಗ್ಗೆ ಯಾರೇ ಫಲಿತಾಂಶ ತಂದರೂ ನಾನು ಈಗ ಮೊದಲು ಕೇಳುವುದು ಇದನ್ನೇ: ಎಂಟ್ಯಾಂಗಲ್‌ಮೆಂಟ್ ಗೇಟ್ ತೆಗೆದು ಓಡಿಸಿದಿರಾ? ಎರಡನೆಯದು, ಆರ್‌ಬಿಎಫ್‌ನ `gamma` ಮತ್ತು `C`ಗಳನ್ನು ನಿಮ್ಮ `c`ಯಷ್ಟೇ ಶ್ರದ್ಧೆಯಿಂದ ಹುಡುಕಿದಿರಾ?

ನಿಜವಾದ ಯಂತ್ರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಲ್ಲಿ ವೆಕ್ಟರ್ ಎತ್ತಿಟ್ಟುಕೊಳ್ಳುವ ಉಪಾಯ ನಡೆಯುವುದಿಲ್ಲ, ಜೋಡಿ ಜೋಡಿಯಾಗಿಯೇ ಓಡಿಸಬೇಕು. ಕಲಿಕೆಗೆ 79,003 ಜೋಡಿ, ಪರೀಕ್ಷೆಗೆ 68,058. ಜೋಡಿಗೆ ಬರೀ 1000 ಸಲ ಅಂದರೂ ಒಟ್ಟು 14.7 ಕೋಟಿ ಓಟ. ಲ್ಯಾಪ್‌ಟಾಪ್‌ನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಕೆಲಸಕ್ಕೆ! ಅದಕ್ಕೇ ನಾನು ಯಂತ್ರದ ಮೇಲೆ ಬೆರಳೆಣಿಕೆಯ ಸ್ಯಾಂಪಲ್ ಮಾತ್ರ ಇಟ್ಟೆ.

ಅಲ್ಲಿ ಮೊದಲು ಮಾಡಬೇಕಾದ ಪರೀಕ್ಷೆ ಒಂದು ಸ್ಯಾಂಪಲ್ಲನ್ನು ಅದರ ಜೊತೆಗೇ ಹೋಲಿಸುವುದು. 1 ಬರಬೇಕು. ಎಷ್ಟು ಕಡಿಮೆ ಬಂತೋ ಅಷ್ಟು ಯಂತ್ರದ ಗದ್ದಲ. 10 ಕ್ಯೂಬಿಟ್‌ನ `ZZFeatureMap`ನಲ್ಲಿ ಹೋಗಿ ಬರುವ ಸರ್ಕ್ಯೂಟಿಗೆ, ಎರಡು ಕ್ಯೂಬಿಟ್‌ಗಳ ಮೇಲೆ ಒಟ್ಟಿಗೆ ಕೆಲಸ ಮಾಡುವ ಸಿನಾಟ್ ಗೇಟ್ 360 ಬೇಕು. ದೂರದ ಕ್ಯೂಬಿಟ್‌ಗಳನ್ನು ಹತ್ತಿರ ತರಲು ಬೇಕಾಗುವ ಗೇಟ್ ಬೇರೆ. ಒಂದು ಗೇಟ್ ತಪ್ಪುವ ಸಾಧ್ಯತೆ ಶೇ. 0.5 ಅಂತ ಹಿಡಿದರೂ 0.995ರ 360ನೇ ಘಾತ, ಅಂದರೆ 0.16. ತನ್ನನ್ನೇ ಶೇ. 16ರಷ್ಟು ಮಾತ್ರ ಹೋಲುವ ಸ್ಯಾಂಪಲ್! ಈ ಪರೀಕ್ಷೆಯಲ್ಲಿ ಒಂದು ಬಲೆಯೂ ಇದೆ. ಎರಡು ಅರ್ಧಗಳ ನಡುವೆ `barrier` ಹಾಕದಿದ್ದರೆ, ಸರ್ಕ್ಯೂಟನ್ನು ಯಂತ್ರಕ್ಕೆ ಹೊಂದುವಂತೆ ಬದಲಿಸುವ ಟ್ರಾನ್ಸ್‌ಪೈಲರ್ ಅವು ಒಂದಕ್ಕೊಂದು ವಿರುದ್ಧ ಅಂತ ಕಂಡುಹಿಡಿದು ಎಲ್ಲಾ ಗೇಟ್‌ಗಳನ್ನೂ ಅಳಿಸಿಬಿಡುತ್ತದೆ. ಖಾಲಿ ಸರ್ಕ್ಯೂಟ್ ಓಡಿ ಉತ್ತರ ಚೆಂದವಾಗಿ 1ರ ಹತ್ತಿರ ಬರುತ್ತದೆ. ಅನುಮಾನಾಸ್ಪದವಾಗಿ ಒಳ್ಳೆಯ ಅಂಕಿ ಬಂದರೆ ಟ್ರಾನ್ಸ್‌ಪೈಲ್ ಆದ ಸರ್ಕ್ಯೂಟಿನ ಗೇಟ್ ಎಣಿಸಿ.

ಹಾಗಾದರೆ ಇದರಲ್ಲಿ ಏನೂ ಇಲ್ಲವಾ? ಹಾಗೂ ಅಲ್ಲ. 2021ರಲ್ಲಿ ಲಿಯು, ಅರುಣಾಚಲಂ ಮತ್ತು ಟೆಮ್ಮೆ ಕ್ವಾಂಟಂ ಕರ್ನಲ್ ನಿಜವಾಗಿಯೂ ಗೆಲ್ಲುವ ಒಂದು ಸಮಸ್ಯೆ ಕಟ್ಟಿ, ಅದನ್ನು ಸಾಧಿಸಿ ತೋರಿಸಿದರು. ಅಲ್ಲಿ ಗುಂಪು ನಿರ್ಧಾರವಾಗುವುದು ಡಿಸ್ಕ್ರೀಟ್ ಲಾಗರಿದಮ್‌ನಿಂದ. ಅದು ಮಾಮೂಲಿ ಕಂಪ್ಯೂಟರಿಗೆ ಕಷ್ಟ ಅನ್ನುವ ನಂಬಿಕೆಯ ಮೇಲೆ ಇಡೀ ಸಾಧನೆ ನಿಂತಿದೆ. ಗಟ್ಟಿ ಕೆಲಸ. ಆದರೆ ಅದಕ್ಕೆ ತಪ್ಪು ತಿದ್ದಿಕೊಳ್ಳುವ ದೊಡ್ಡ ಯಂತ್ರ ಬೇಕು, ಮತ್ತು ಬ್ಯಾಂಕಿನ ಸಾಲದ ಪಟ್ಟಿಯಲ್ಲಾಗಲಿ ಗಡ್ಡೆಯ ಅಳತೆಯಲ್ಲಾಗಲಿ ಆ ರಚನೆ ಕುಳಿತಿದೆ ಅಂತ ಯಾರೂ ತೋರಿಸಿಲ್ಲ. ಪಾಠಗಳಲ್ಲಿ ಬರುವ `ad_hoc_data` ಕೂಡ ಇದೇ ಜಾತಿಯದ್ದು. ಅದರ ಗುಂಪುಗಳನ್ನು ಮಾಡಿರುವುದೇ ಆ ಫೀಚರ್ ಮ್ಯಾಪ್‌ನಿಂದ. ಅದರಲ್ಲಿ ನೂರಕ್ಕೆ ನೂರು ಬಂದರೆ ಸರ್ಕ್ಯೂಟ್ ಸರಿಯಾಗಿ ಕಟ್ಟಿದ್ದೀರಿ ಅಂತ ಗೊತ್ತಾಗುತ್ತದೆ, ಅದಕ್ಕಿಂತ ಜಾಸ್ತಿ ಏನೂ ಇಲ್ಲ.

ಈಗ ಯಾರಾದರೂ ಹೊಸ ಡೇಟಾ ತಂದುಕೊಟ್ಟರೆ ನಾನು ಯಂತ್ರಕ್ಕೆ ಕೈ ಹಾಕುವ ಮುಂಚೆ ಸಿಮ್ಯುಲೇಟರ್‌ನಲ್ಲಿ ಮಾಡಿದ ಕ್ವಾಂಟಂ ಕರ್ನಲ್ ಕೋಷ್ಟಕವನ್ನೂ ಮಾಮೂಲಿ ಕರ್ನಲ್ ಕೋಷ್ಟಕವನ್ನೂ ಪಕ್ಕಪಕ್ಕ ಇಡುತ್ತೇನೆ. ಹುವಾಂಗ್ ಮತ್ತು ಗೂಗಲ್‌ನ ಸಂಗಡಿಗರು 2021ರಲ್ಲಿ ಇವೆರಡರ ನಡುವಿನ ಜ್ಯಾಮಿತೀಯ ಅಂತರ ಅಳೆಯುವ ಸೂತ್ರ ಕೊಟ್ಟಿದ್ದಾರೆ. ಅದಕ್ಕೆ ಯಾವ ಸ್ಯಾಂಪಲ್ ಯಾವ ಗುಂಪಿಗೆ ಸೇರಿದ್ದು ಅಂತಲೂ ತಿಳಿದಿರಬೇಕಿಲ್ಲ. ಅಂತರ ಚಿಕ್ಕದಾಗಿದ್ದರೆ ಮಾಮೂಲಿ ಕರ್ನಲ್ ಹಿಂದೆ ಬೀಳುವುದಿಲ್ಲ ಅನ್ನುವುದಕ್ಕೆ ಖಾತ್ರಿ ಇದೆ, ಅಲ್ಲಿಗೆ ಕೆಲಸ ಮುಗಿಯಿತು. ದೊಡ್ಡದಾಗಿದ್ದರೆ ಗೆಲುವೇನೂ ಖಾತ್ರಿ ಇಲ್ಲ, ಮುಂದೆ ನೋಡಲು ಅವಕಾಶ ಇದೆ ಅಷ್ಟೇ. ಕರ್ಣದ ಕೋಷ್ಟಕ ಬಂದಾಗಲೂ ಅಂತರ ದೊಡ್ಡದೇ ಕಾಣುತ್ತದೆ. ಅದಕ್ಕೆ ಅಂತರದ ಜೊತೆಗೆ ಕರ್ಣದ ಹೊರಗಿನ ಅಂಕಿಗಳ ಸರಾಸರಿಯನ್ನೂ ಬರೆದುಕೊಳ್ಳುತ್ತೇನೆ. ಅದು 1/1024ರ ಹತ್ತಿರ ಇದ್ದರೆ ಆ ಅಂತರಕ್ಕೆ ಬೆಲೆ ಕೊಡುವುದಿಲ್ಲ.