ವಾಪಸ್ ಬಂದ ಮಾಲಿಗೆ ಎರಡು ರೇಟು

ತುಮಕೂರಿನ ಮಂಡಿಪೇಟೆಯಲ್ಲಿ ಒಂದು ಸಗಟು ಪೈಪ್ ಅಂಗಡಿ ಇದೆ ಅಂದುಕೊಳ್ಳಿ. ಶಿರಾದ ಒಬ್ಬ ಡೀಲರ್ ಅಲ್ಲಿಂದ 40 ಪಿವಿಸಿ ಪೈಪ್ ಒಯ್ದರು. ಒಂದಕ್ಕೆ 500 ರೂಪಾಯಿಯಂತೆ 20,000, ಅದರ ಮೇಲೆ ಶೇ 18 ಜಿಎಸ್‌ಟಿ 3,600, ಒಟ್ಟು ಬಿಲ್ 23,600. ವಾರ ಕಳೆದ ಮೇಲೆ ಲಗೇಜ್ ಆಟೊದಲ್ಲಿ 10 ಪೈಪ್ ವಾಪಸ್ ಬಂತು. "ಅಣ್ಣಾ, ಮುಂದಿನ ಬಿಲ್ಲಲ್ಲಿ ಹಿಡ್ಕೊಳ್ಳಿ" ಅಂತ ಫೋನೂ ಬಂತು. ಹುಡುಗ ಪೈಪ್ ಇಳಿಸಿ ಗೋಡೌನಿಗೆ ಸೇರಿಸಿದ. ಮುಂದಿನ ಬಿಲ್ಲಿನಲ್ಲಿ ಮಾಲೀಕರು 5,900 ರೂಪಾಯಿಯನ್ನು ಡಿಸ್ಕೌಂಟ್ ಅಂತ ಕಳೆದರು. ಇಬ್ಬರಿಗೂ ಸಮಾಧಾನ.

ಲೆಕ್ಕ ಕೆಟ್ಟಿದ್ದು ಅಲ್ಲೇ. ಗೋಡೌನಿನಲ್ಲಿ 10 ಪೈಪ್ ಜಾಸ್ತಿ ಇದೆ, ಪುಸ್ತಕದಲ್ಲಿ ಇಲ್ಲ. ಹಳೇ ಬಿಲ್ಲಿನ ಮಾರಾಟ ಹಾಗೇ ನಿಂತಿದೆ, ಹೊಸ ಬಿಲ್ಲಿನ ಮಾರಾಟ ಸುಮ್ನೆ ಕಡಿಮೆಯಾಗಿದೆ. ವಾಪಸ್ ಬಂದ ಮಾಲನ್ನು ಎರಡು ಕಡೆ ಬರೆಯಬೇಕು, ಎರಡು ಬೇರೆ ರೇಟಿನಲ್ಲಿ. ಮಾರಾಟದಿಂದ ಕಳೆಯುವುದು ಮಾರಿದ ರೇಟಿನಲ್ಲಿ, ಸ್ಟಾಕಿಗೆ ಸೇರಿಸುವುದು ಕೊಂಡ ರೇಟಿನಲ್ಲಿ. ನಮ್ಮ ಅಂಗಡಿಗೆ ಆ ಪೈಪ್ ಬಿದ್ದದ್ದು 400 ರೂಪಾಯಿ ಅಂತ ಇಟ್ಟುಕೊಳ್ಳೋಣ.

ಮೊದಲು ಚೀಟಿ

ಮಾಲು ಗಾಡಿಯಿಂದ ಇಳಿಯುವಾಗಲೇ ವಾಪಸ್ ಚೀಟಿ ಬರೆಯಬೇಕು. ನಂಬರ್ ಹಾಕಿದ ಪುಸ್ತಕ ಇರಲಿ, ಬಿಡಿ ಹಾಳೆ ಬೇಡ. ಅದರಲ್ಲಿ ತಾರೀಖು, ಡೀಲರ್ ಹೆಸರು, ಎಷ್ಟು ಪೈಪ್, ಯಾವ ಬಿಲ್ಲಿನ ಮಾಲು, ಯಾವ ಸ್ಥಿತಿಯಲ್ಲಿದೆ, ಇಷ್ಟಿದ್ದರೆ ಸಾಕು. ಸ್ಥಿತಿ ನೋಡುವುದನ್ನು ಮಾತ್ರ ಅವಸರದಲ್ಲಿ ಮುಗಿಸಬೇಡಿ. ಪೈಪಿನ ಅಗಲ ಬಾಯಿ ಇರುವ ತುದಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಕೂದಲೆಳೆಯಂಥ ಬಿರುಕು ಹೆಚ್ಚಾಗಿ ಅಲ್ಲೇ ಇರುತ್ತದೆ. ಉದ್ದವನ್ನೂ ಅಳೆಯಿರಿ. ಗರಗಸ ಆಡಿದ ಪೈಪ್ ಪೂರ್ತಿ ಪೈಪ್ ಅಲ್ಲ. ಅದನ್ನು ಒಂದು ಅಂತ ಎಣಿಸಿದರೆ ಸಂಖ್ಯೆ ಸರಿ ಬರುತ್ತದೆ, ಮಾಲು ಸರಿ ಇರುವುದಿಲ್ಲ.

ನಮ್ಮ ಲೆಕ್ಕದಲ್ಲಿ 8 ಸರಿಯಿವೆ, 2 ಬಿರುಕು ಬಿಟ್ಟಿವೆ. ಬಿರುಕು ನಮ್ಮ ಕಡೆಯಿಂದಲೇ ಹೋದದ್ದು ಅಂತ ಒಪ್ಪಿ ಹತ್ತನ್ನೂ ವಾಪಸ್ ತಗೊಂಡಿದ್ದೇವೆ.

ಆಮೇಲೆ ಕ್ರೆಡಿಟ್ ನೋಟ್

10 ಪೈಪಿಗೆ 5,000, ಜಿಎಸ್‌ಟಿ 900, ಒಟ್ಟು 5,900ಕ್ಕೆ ಕ್ರೆಡಿಟ್ ನೋಟ್, ಅಂದರೆ ಹಳೇ ಬಿಲ್ಲಿನಿಂದ ಇಷ್ಟು ಕಳೆದಿದ್ದೇವೆ ಅನ್ನುವ ಚೀಟಿ, ಡೀಲರ್‌ಗೆ ಕೊಡಬೇಕು. ಹಾಕಬೇಕಾದ ರೇಟು ಹಳೇ ಬಿಲ್ಲಿನದು. ಇವತ್ತಿನ ರೇಟು 520 ಆಗಿದ್ದರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಹಳೇ ಬಿಲ್ಲಿನ ನಂಬರು, ತಾರೀಖು ನೋಟಿನ ಮೇಲೆ ಇರಲಿ.

ಡೀಲರ್‌ಗೆ ಜಿಎಸ್‌ಟಿ ನಂಬರ್ ಇರುವುದರಿಂದ ಈ ನೋಟನ್ನು ಜಿಎಸ್‌ಟಿಆರ್-1ರಲ್ಲಿ ಬೇರೆಯಾಗಿ ತೋರಿಸಬೇಕು. ಆಗ ನಮ್ಮ ತೆರಿಗೆ 900 ಕಡಿಮೆಯಾಗುತ್ತದೆ. ಡೀಲರ್ ಆ 900ರ ಇನ್‌ಪುಟ್ ಕ್ರೆಡಿಟ್ ತಗೊಂಡಿದ್ದರೆ ಅದನ್ನು ಅವರು ವಾಪಸ್ ಮಾಡಬೇಕು. ಈ ಮಾತನ್ನು ಫೋನಿನಲ್ಲೇ ಹೇಳಿಬಿಡಿ. ಎಷ್ಟೋ ಜಗಳ ಅಲ್ಲೇ ನಿಲ್ಲುತ್ತದೆ.

ಟ್ಯಾಲಿಪ್ರೈಮ್ ಬಳಸುವವರು `Alt+F6` ಒತ್ತಿದರೆ ಕ್ರೆಡಿಟ್ ನೋಟ್ ತೆರೆಯುತ್ತದೆ. ಇಲ್ಲೊಂದು ಹಳ್ಳ ಇದೆ. ಕೆಲವು ಅಂಗಡಿಗಳಲ್ಲಿ ಮಾಲು ಬಂದ ದಿನ ಗೋಡೌನಿನವರು ವಾಪಸ್ ಮಾಲನ್ನು ಸ್ಟಾಕಿಗೆ ಸೇರಿಸುವ `Rejections In` ವೋಚರ್ ಹಾಕುತ್ತಾರೆ, ಎರಡು ದಿನ ಬಿಟ್ಟು ಅಕೌಂಟೆಂಟ್ ಕ್ರೆಡಿಟ್ ನೋಟ್ ಹಾಕುತ್ತಾರೆ. ಕ್ರೆಡಿಟ್ ನೋಟಿನಲ್ಲಿ ಮೊದಲಿನ ವೋಚರಿನ `Tracking No.` ಆರಿಸದೇ ಬಿಟ್ಟರೆ ಸ್ಟಾಕ್ ಎರಡು ಸಲ ಏರುತ್ತದೆ. ಬಂದದ್ದು 10, ಪುಸ್ತಕದಲ್ಲಿ 20. ಎಣಿಕೆಯ ದಿನ "10 ಪೈಪ್ ಕಳುವಾಗಿದೆ" ಅಂತ ಗೋಡೌನ್ ಹುಡುಗನನ್ನು ಬೈಯುವ ಮುಂಚೆ ಇದನ್ನು ನೋಡಿ.

ಸ್ಟಾಕಿಗೆ ಎಷ್ಟು ಬೆಲೆ?

ಎಕ್ಸೆಲ್‌ನಲ್ಲಿ ಸ್ಟಾಕ್ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲಿ. ಕ್ರೆಡಿಟ್ ನೋಟ್ ಕಣ್ಣೆದುರಿಗೇ ಇರುತ್ತದೆ, ಅದರಲ್ಲಿರುವ 500ನ್ನೇ ಸ್ಟಾಕಿಗೂ ಹಾಕಿಬಿಡುತ್ತಾರೆ.

ಅದರಿಂದ ಏನಾಗುತ್ತದೆ ನೋಡಿ. ನಿಜವಾಗಿ ಮಾರಾಟವಾದದ್ದು 30 ಪೈಪ್. ಮಾರಾಟ 15,000, ಅದರ ಅಸಲು 12,000, ಲಾಭ 3,000. ವಾಪಸ್ ಮಾಲನ್ನು 500ರಂತೆ ಸ್ಟಾಕಿಗೆ ಹಾಕಿದರೆ 40 ಪೈಪಿನ ಅಸಲು 16,000ದಿಂದ 5,000 ಕಳೆದು 11,000 ಉಳಿಯುತ್ತದೆ, ಲಾಭ 4,000 ಅಂತ ಕಾಣುತ್ತದೆ. ಮಾರದೇ ಇರುವ ಪೈಪಿನ ಮೇಲೆ 1,000 ಲಾಭ! ಕ್ರೆಡಿಟ್ ನೋಟ್ ಹಾಕಿ ಸ್ಟಾಕಿಗೆ ಸೇರಿಸದೇ ಬಿಟ್ಟರೆ ಉಲ್ಟಾ: ಮಾರಾಟ 15,000, ಅಸಲು 16,000, ಅಂದರೆ 1,000 ನಷ್ಟ. ಈ ಎರಡನೇ ತಪ್ಪು ಎಣಿಕೆಯಲ್ಲಿ ಸಿಕ್ಕಿಬೀಳುತ್ತದೆ, ಯಾಕೆಂದರೆ 10 ಪೈಪ್ ಹೆಚ್ಚಿಗೆ ಕಾಣುತ್ತದೆ. ಮೊದಲನೆಯದು ಸಿಗುವುದಿಲ್ಲ, ಸಂಖ್ಯೆ ಸರಿಯಾಗೇ ಇರುತ್ತದಲ್ವಾ. ಹಾಗಾಗಿ ಎಂಟ್ರಿ ಆದ ಮೇಲೆ ಆ ಐಟಂನ ಸರಾಸರಿ ರೇಟು ಒಮ್ಮೆ ನೋಡಿ. 400 ಇದ್ದದ್ದು ಹೊಸ ಖರೀದಿ ಇಲ್ಲದೇ 425 ಆಗಿದ್ದರೆ ಮಾರಾಟದ ರೇಟು ಒಳಗೆ ನುಸುಳಿದೆ ಅಂತಲೇ ಅರ್ಥ.

ಒಡೆದ ಎರಡು ಪೈಪು

ಇವನ್ನು ಒಳ್ಳೇ ಮಾಲಿನ ಜೊತೆ ಬಿಡಬೇಡಿ. ಮೊದಲು ಹತ್ತೂ 400ರಂತೆ ಸ್ಟಾಕಿಗೆ ಬರಲಿ. ಆಮೇಲೆ ಎರಡನ್ನು 'ಒಡೆದ ಪೈಪ್' ಅನ್ನುವ ಬೇರೆ ಐಟಂಗೆ ದಾಟಿಸಿ. ಟ್ಯಾಲಿಯಲ್ಲಿ `Alt+F7` ಒತ್ತಿ ಸ್ಟಾಕ್ ಜರ್ನಲ್‌ನಲ್ಲಿ ಇದನ್ನು ಮಾಡಬಹುದು. ಗುಜರಿಗೆ ತಲಾ 100 ಬರುತ್ತದೆ ಅಂತಾದರೆ ಆ ಕಡೆ 100ರಂತೆಯೇ ಹಾಕಿ. 800ರ ಮಾಲು 200 ಆಯಿತು, 600 ನಷ್ಟ ಈ ತಿಂಗಳ ಲೆಕ್ಕಕ್ಕೇ ಬಂತು. ನಿಜವಾದ ಲಾಭ 2,400.

ಗುಜರಿಗೆ ಮಾರುವಾಗ ಜಿಎಸ್‌ಟಿ ಹಾಕಿ ಬಿಲ್ ಮಾಡಬೇಕು. ಮಾರದೇ ಬಿಸಾಡಿ ಪುಸ್ತಕದಿಂದ ತೆಗೆದುಹಾಕಿದರೆ, ಆ ಎರಡು ಪೈಪ್ ಕೊಂಡಾಗ ತಗೊಂಡ ಇನ್‌ಪುಟ್ ಕ್ರೆಡಿಟ್ ವಾಪಸ್ ಮಾಡಬೇಕಾಗುತ್ತದೆ.

ತಿಂಗಳ ಕೊನೆಯ ತಾಳೆ

ತಿಂಗಳ ಶುರುವಿಗೆ 20 ಪೈಪ್ ಇತ್ತು, 50 ಬಂತು, 40 ಹೋಯಿತು, 10 ವಾಪಸ್ ಬಂತು. ಉಳಿಯಬೇಕಾದ್ದು 40: ಒಳ್ಳೇದು 38, ಒಡೆದದ್ದು 2. ಗೋಡೌನಿಗೆ ಹೋಗಿ ಎಣಿಸಿ. ಇನ್ನೊಂದು ಕಡೆ, ಜಿಎಸ್‌ಟಿ ಬಿಟ್ಟು ಬಿಲ್ಲುಗಳ ಮೊತ್ತದಿಂದ ಕ್ರೆಡಿಟ್ ನೋಟ್ ಕಳೆದರೆ 15,000 ಬರಬೇಕು. ಪುಸ್ತಕದಲ್ಲೂ ಜಿಎಸ್‌ಟಿಆರ್-1ರಲ್ಲೂ ಅದೇ ಅಂಕಿ ಇರಬೇಕು. ಕೊನೆಗೆ ವಾಪಸ್ ಚೀಟಿ ಪುಸ್ತಕ ತೆಗೆದು ಪ್ರತಿ ಚೀಟಿಯ ಮೇಲೆ ಅದರ ಕ್ರೆಡಿಟ್ ನೋಟ್ ನಂಬರ್ ಬರೆಯಿರಿ. ನಂಬರ್ ಸಿಗದ ಚೀಟಿ ಅಂದರೆ ಮಾಲು ಬಂದಿದೆ, ಮಾರಾಟ ಕಡಿಮೆಯಾಗಿಲ್ಲ. ಚೀಟಿ ಇಲ್ಲದ ನೋಟ್ ಅಂದರೆ ಮಾಲು ಬಂದೇ ಇಲ್ಲದಿರಬಹುದು. ಅದನ್ನು ಇನ್ನೂ ಹುಷಾರಾಗಿ ನೋಡಬೇಕು.

ಮಾರ್ಚ್ ಕೊನೆಯಲ್ಲಿ ಇದು ಜಾಸ್ತಿ ಮುಖ್ಯ. ಮಾರ್ಚ್ 30ಕ್ಕೆ ಬಂದ ಮಾಲನ್ನು ಆ ವರ್ಷದ ಸ್ಟಾಕಿಗೆ ಸೇರಿಸಿ, ಕ್ರೆಡಿಟ್ ನೋಟನ್ನು ಏಪ್ರಿಲ್‌ಗೆ ತಳ್ಳಿದರೆ ಅದೇ ಪೈಪು ಮಾರಾಟದಲ್ಲೂ ಇರುತ್ತದೆ, ಸ್ಟಾಕಿನಲ್ಲೂ ಇರುತ್ತದೆ. ಎರಡೂ ಒಂದೇ ವರ್ಷಕ್ಕೆ ಬರಲಿ.

ತೀರಾ ತಡವಾಗಿ ವಾಪಸ್ ಬರುವ ಮಾಲೂ ಇರುತ್ತದೆ. ಮಾರಿದ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30, ಇಲ್ಲವೇ ಆ ವರ್ಷದ ವಾರ್ಷಿಕ ರಿಟರ್ನ್ ಹಾಕಿದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿವರೆಗೆ ಮಾತ್ರ ಕ್ರೆಡಿಟ್ ನೋಟ್ ತೋರಿಸಿ ತೆರಿಗೆ ಕಡಿಮೆ ಮಾಡಿಕೊಳ್ಳಬಹುದು. 2025ರ ಫೆಬ್ರುವರಿ ಬಿಲ್ಲಿಗೆ ಕೊನೇ ಗಡುವು 2025ರ ನವೆಂಬರ್ 30. ಅದು ದಾಟಿದ ಮೇಲೆ ಮಾಲು ತಗೊಂಡರೆ ಜಿಎಸ್‌ಟಿ ಇಲ್ಲದ ಕ್ರೆಡಿಟ್ ನೋಟ್ ಕೊಟ್ಟು 5,000 ಮಾತ್ರ ಕಳೆಯಿರಿ. ಡೀಲರ್ ತಮ್ಮ 900ರ ಇನ್‌ಪುಟ್ ಕ್ರೆಡಿಟ್ ಹಾಗೇ ಇಟ್ಟುಕೊಳ್ಳುತ್ತಾರೆ, ಅವರಿಗೂ ನಷ್ಟವಿಲ್ಲ. ಸ್ಟಾಕಿನ ಎಂಟ್ರಿ ಆಗಲೂ 400ರಲ್ಲೇ.